ಪ–ಸ: ನಾಲ್ಕೋ, ಐದೋ?

ಅಕ್ಕನ ಮಗಳು ಊಟದ ಮೇಜಿನ ಮೇಲೆ ಕೀಬೋರ್ಡ್ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲೊಂದು ಝೆರಾಕ್ಸ್ ಹಾಳೆ. ಪಾಶ್ಚಾತ್ಯ ಸಂಗೀತದ ಪರೀಕ್ಷೆಗೆ ಇನ್ನು ಆರು ವಾರವಿತ್ತು. ಆ ಪರೀಕ್ಷೆಯಲ್ಲಿ ನುಡಿಸಿ ತೋರಿಸಿದರೆ ಸಾಲದು, ಕಿವಿಯ ಪರೀಕ್ಷೆಯೂ ಇರುತ್ತದೆ. ಪರೀಕ್ಷಕರು ಎರಡು ಸ್ವರ ನುಡಿಸುತ್ತಾರೆ. ಮಗು ಮನೆಗಳ ಕಡೆ ನೋಡದೆ, ಎರಡರ ನಡುವೆ ಎಷ್ಟು ದೂರ ಎಂದು ಹೇಳಬೇಕು.

"ಚಿಕ್ಕಮ್ಮ, ನೀನು ಎರಡು ಸ್ವರ ಒತ್ತು. ನಾನು ಆ ಕಡೆ ತಿರುಗಿಕೊಳ್ತೀನಿ."

ಒತ್ತಿದೆ. ಕೆಳಗಿನಿಂದ ಮೇಲಕ್ಕೆ, ಐದು ಮನೆ ದೂರ.

"ಫಿಫ್ತ್!"

ಅದು ಫಿಫ್ತ್ ಅಲ್ಲ, ಫೋರ್ತ್. ಬೇರೆ ಜಾಗದಿಂದ ಅದೇ ದೂರವನ್ನು ಮತ್ತೆ ಒತ್ತಿದೆ. ಮತ್ತೆ ಫಿಫ್ತ್. ಮೂರನೇ ಸಲವೂ ಅದೇ ಉತ್ತರ, ಅದೇ ಧೈರ್ಯ. ನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತು ಗೀತೆಗಳನ್ನು ಶ್ರುತಿ ಬಿಡದೆ ಹಾಡುವ ಹುಡುಗಿ ಇವಳು. ಕಿವಿ ಮಂದವಲ್ಲ. ಹಾಗಾದರೆ ಎಡವುತ್ತಿದ್ದುದು ಎಲ್ಲಿ ಎಂದು ಹುಡುಕುವುದಕ್ಕೆ ನನಗೆ ಒಂದಿಡೀ ಭಾನುವಾರ ಬೇಕಾಯಿತು.

ಮೊದಲು ಆ ಹಾಳೆಯ ಕಡೆ ನೋಡಿದೆ. ಎಡಗಡೆ ಸ್ವರಾಂತರಗಳ ಹೆಸರು, ಬಲಗಡೆ ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಹಾಡು. ಫೋರ್ತ್ ಎದುರು 'ಹಿಯರ್ ಕಮ್ಸ್ ದ ಬ್ರೈಡ್' ಎಂದಿತ್ತು. ಮೇಜರ್ ಸಿಕ್ಸ್ತ್ ಎದುರು 'ಮೈ ಬಾನಿ'. ಇದು ಅಲ್ಲಿನ ಮೇಷ್ಟ್ರುಗಳು ಬಹಳ ಕಾಲದಿಂದ ಬಳಸುವ ಉಪಾಯ. ಹಾಡಿನ ಮೊದಲೆರಡು ಸ್ವರಗಳ ನಡುವಿನ ಜಿಗಿತವನ್ನು ಗುರುತಿಟ್ಟುಕೊಂಡರೆ, ಆ ಜಿಗಿತ ಎಲ್ಲಿ ಕೇಳಿದರೂ ಹಾಡು ನೆನಪಾಗುತ್ತದೆ, ಹಾಡಿನಿಂದ ಹೆಸರು ಸಿಗುತ್ತದೆ.

"ಈ ಬ್ರೈಡ್ ಹಾಡು ನಿನಗೆ ಬರುತ್ತಾ?" ಎಂದೆ.

"ಇಲ್ಲ. ಆದ್ರೆ ಫೋರ್ತ್‌ಗೆ ಅದೇ ಅಂತ ಗೊತ್ತು."

ಕೇಳದ ಹಾಡಿನ ಹೆಸರನ್ನು ಬಾಯಿಪಾಠ ಮಾಡಿದ್ದಳು. ಅದು ವ್ಯಾಗ್ನರ್‌ನ 'ಲೋಹೆನ್‌ಗ್ರಿನ್' ಎಂಬ ಒಪೆರಾದಲ್ಲಿ ಬರುವ ಮದುವೆಯ ಮೆರವಣಿಗೆಯ ಹಾಡು. ಪಶ್ಚಿಮದ ಮಕ್ಕಳಿಗೆ ಸಿನಿಮಾದಿಂದಲೋ ಚರ್ಚ್ ಮದುವೆಯಿಂದಲೋ ಕಿವಿಗೆ ಬಿದ್ದಿರುತ್ತದೆ. ಮದುವೆ ಎಂದರೆ ನಾಗಸ್ವರ, ಡೋಲು ಎಂದುಕೊಂಡು ಬೆಳೆದ ಮಗುವಿಗೆ ಅದು ಬರೀ ಹೆಸರು. ಹೆಸರಿಗೆ ಹೆಸರು ಗಂಟು ಹಾಕಿದರೆ ಕಿವಿಗೆ ಏನೂ ದಕ್ಕುವುದಿಲ್ಲ.

ಈ ದೂರಗಳನ್ನು ಎಣಿಸುವ ಕ್ರಮ ಗೊತ್ತಿಲ್ಲದವರಿಗಾಗಿ ಒಂದು ಮಾತು. ಹಾರ್ಮೋನಿಯಂನ ಒಂದು ಸ್ಥಾಯಿಯಲ್ಲಿ ಬಿಳಿ, ಕಪ್ಪು ಎಲ್ಲ ಸೇರಿ 12 ಮನೆ. ನಮ್ಮ 12 ಸ್ವರಸ್ಥಾನಗಳೂ ಇವೇ. ಸ ಇಂದ ಒಂದು ಮನೆ ಮೇಲೆ ಶುದ್ಧ ರಿಷಭ, ಎರಡು ಮನೆ ಮೇಲೆ ಚತುಶ್ರುತಿ ರಿಷಭ, ಮೂರಕ್ಕೆ ಸಾಧಾರಣ ಗಾಂಧಾರ, ನಾಲ್ಕಕ್ಕೆ ಅಂತರ ಗಾಂಧಾರ, ಐದಕ್ಕೆ ಶುದ್ಧ ಮಧ್ಯಮ, ಏಳಕ್ಕೆ ಪಂಚಮ, 12ಕ್ಕೆ ಮೇಲಿನ ಷಡ್ಜ. ಪಶ್ಚಿಮದವರು ಮನೆ ಎಣಿಸಿ ಹೆಸರಿಡುವುದಿಲ್ಲ, ಸ್ವರದ ಅಕ್ಷರಗಳನ್ನು ಎಣಿಸುತ್ತಾರೆ. ಹೊರಟ ಸ್ವರವೂ ಲೆಕ್ಕಕ್ಕೆ ಸೇರುತ್ತದೆ. ಸ, ರಿ, ಗ, ಮ ಎಂದು ನಾಲ್ಕು ಅಕ್ಷರ ಆಗುವುದರಿಂದ ಸ–ಮ ಫೋರ್ತ್. ದೂರ ಐದು ಮನೆಯಾದರೂ ಹೆಸರು ನಾಲ್ಕು. ಸ–ಪ ಫಿಫ್ತ್, ಅದರ ದೂರ ಏಳು ಮನೆ. ಒಂದೇ ಅಕ್ಷರಕ್ಕೆ ಎರಡು ಮನೆ ಇದ್ದಾಗ ಹತ್ತಿರದ್ದು ಮೈನರ್, ದೂರದ್ದು ಮೇಜರ್. ಹೀಗೆ ಸ ಇಂದ ಸಾಧಾರಣ ಗಾಂಧಾರ ಮೈನರ್ ಥರ್ಡ್, ಅಂತರ ಗಾಂಧಾರ ಮೇಜರ್ ಥರ್ಡ್. ಇಷ್ಟು ಗೊತ್ತಿದ್ದರೆ ಮುಂದಿನದಕ್ಕೆಲ್ಲ ಸಾಕು.

ಹಾಡಿನ ಉಪಾಯ ಏಕೆ ಕೆಲಸ ಮಾಡುತ್ತದೆ ಎಂದು ಅವಳಿಗೆ ತೋರಿಸಬೇಕಿತ್ತು. ಹಾಳೆಯನ್ನು ಮಡಚಿಟ್ಟು 'ಹ್ಯಾಪಿ ಬರ್ತ್‌ಡೇ' ಹಾಡಿಸಿದೆ. ಆ ಹಾಡನ್ನು ಯಾರೂ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡುವುದಿಲ್ಲ. ಕೇಕಿನ ಮುಂದೆ ಯಾರೋ ಒಬ್ಬರು ಸಿಕ್ಕಿದ ಎತ್ತರದಲ್ಲಿ ಎತ್ತುತ್ತಾರೆ, ಉಳಿದವರು ಸೇರಿಕೊಳ್ಳುತ್ತಾರೆ. ಪ್ರತಿ ಮನೆಯಲ್ಲೂ ಎತ್ತರ ಬೇರೆ, ಆದರೂ ಎಲ್ಲರಿಗೂ ಅದು ಅದೇ ಹಾಡು. ಏಕೆಂದರೆ ಕಿವಿ ನೆನಪಿಟ್ಟುಕೊಂಡದ್ದು ಸ್ವರದ ಎತ್ತರವನ್ನಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಇರುವ ದೂರವನ್ನು. ಸ್ವರಾಂತರವನ್ನು ಗುರುತಿಸಲಾರೆ ಎನ್ನುವ ಮನುಷ್ಯನೂ ಹುಟ್ಟುಹಬ್ಬದ ದಿನ ಅದನ್ನು ತಪ್ಪಿಲ್ಲದೆ ಹಾಡುತ್ತಾನೆ. ಅವನಿಗೆ ಇಲ್ಲದಿರುವುದು ಹೆಸರು ಮಾತ್ರ.

ಅಮೆರಿಕದ ಕೆಂಟಕಿಯ ಹಿಲ್ ಸೋದರಿಯರು 1893ರಲ್ಲಿ ಶಿಶುವಿಹಾರದ ಮಕ್ಕಳಿಗೆಂದು ಪ್ರಕಟಿಸಿದ ಬೆಳಗಿನ ನಮಸ್ಕಾರದ ಹಾಡಿನ ಮಟ್ಟು ಅದು. ಅದನ್ನು ನಮ್ಮ ಸ್ವರಗಳಲ್ಲಿ ಬರೆದು ನೋಡಿದರೆ ಮಜಾ ಇದೆ. ಹಾಡು ಮಂದ್ರದ ಪಂಚಮದಿಂದ ಏಳುತ್ತದೆ. ಮೊದಲ ಸಾಲು ಪ ಪ ದ ಪ ಸ ನಿ, ಎರಡನೆಯದು ಪ ಪ ದ ಪ ರಿ ಸ. ಮೂರನೇ ಸಾಲು ಪ ಪ ಎಂದು ಶುರುವಾಗಿ ನೇರ ಮಧ್ಯಸ್ಥಾಯಿಯ ಪ ಗೆ ಹಾರಿ, ಅಲ್ಲಿಂದ ಗ, ಸ ಎಂದು ಇಳಿಯುತ್ತದೆ. ಅದೇ ಕೆಳಗಿನ ಪ ಇಂದ ನಾಲ್ಕು ಜಿಗಿತಗಳು ಒಂದಕ್ಕಿಂತ ಒಂದು ದೊಡ್ಡದಾಗುತ್ತ ಹೋಗುತ್ತವೆ. ಪ–ದ ಎರಡು ಮನೆ, ಅಂದರೆ ಮೇಜರ್ ಸೆಕೆಂಡ್. ಪ–ಸ ಐದು ಮನೆ, ಫೋರ್ತ್. ಪ–ರಿ ಏಳು ಮನೆ, ಫಿಫ್ತ್. ಕೆಳಗಿನ ಪ ಇಂದ ಮೇಲಿನ ಪ 12 ಮನೆ, ಆಕ್ಟೇವ್. ಗುಂಪಿನಲ್ಲಿ ಹಾಡುವಾಗ ಮೂರನೇ ಸಾಲಿಗೆ ಬಂದೊಡನೆ ಅರ್ಧ ಜನರ ಗಂಟಲು ಸೀಳುವುದು ಈ ಕೊನೆಯ ಜಿಗಿತದಿಂದಲೇ. ಅಲ್ಲಿಂದ ಇಳಿಯುವಾಗ ಪ–ಗ ಮೂರು ಮನೆ, ಗ–ಸ ನಾಲ್ಕು ಮನೆ. ಎರಡು ಬಗೆಯ ಥರ್ಡ್ ಇಳಿಕೆಯೂ ಬಂದುಹೋಯಿತು. ಹನ್ನೆರಡು ಹಾಡಿನ ಪಟ್ಟಿಯ ಅರ್ಧ ಕೆಲಸವನ್ನು ಈ ಒಂದೇ ಹಾಡು ಮಾಡಿಕೊಡುತ್ತದೆ.

ಒಂದು ಎಚ್ಚರ ಬೇಕು. ಹಾಡಿನ 'ಆರಂಭ' ಎಂದರೆ ಮೊದಲೆರಡು ಅಕ್ಷರ ಎಂದು ಕಣ್ಣು ಮುಚ್ಚಿ ನಂಬಬಾರದು. ಹುಟ್ಟುಹಬ್ಬದ ಹಾಡಿನ ಮೊದಲೆರಡು ಅಕ್ಷರ ಒಂದೇ ಸ್ವರ. 'ಟ್ವಿಂಕಲ್ ಟ್ವಿಂಕಲ್' ಕೂಡ ಹಾಗೇ: ಸ ಸ ಪ ಪ. ಅದರ ಫಿಫ್ತ್ ಇರುವುದು ಎರಡನೇ ಮತ್ತು ಮೂರನೇ ಅಕ್ಷರದ ನಡುವೆ. ಮೇಜರ್ ಸೆವೆಂತ್‌ಗೆ ಎಲ್ಲರೂ ಹೇಳುವ ಆ–ಹಾ ತಂಡದ 'ಟೇಕ್ ಆನ್ ಮಿ' ಹಾಡಿನಲ್ಲಂತೂ ಆ ಜಿಗಿತ ಬರುವುದು ಪಲ್ಲವಿಯಲ್ಲಿ, ಹಾಡಿನ ಶುರುವಿನಲ್ಲಲ್ಲ. ಆದ್ದರಿಂದ ಪಟ್ಟಿಯಲ್ಲಿ ಹಾಡಿನ ಹೆಸರಿನ ಜೊತೆ ಯಾವ ಅಕ್ಷರದಿಂದ ಯಾವ ಅಕ್ಷರಕ್ಕೆ ಎಂದೂ ಬರೆದಿಟ್ಟುಕೊಳ್ಳಬೇಕು.

ಆಮೇಲೆ ನಾವಿಬ್ಬರೂ ಅವಳ ಬಾಯಲ್ಲಿ ಈಗಾಗಲೇ ಇದ್ದ ಪಾಠಗಳನ್ನು ಒಂದೊಂದಾಗಿ ಕೆದಕಿದೆವು. ಹಾಳೆಯಲ್ಲಿ ಮೈನರ್ ಸೆಕೆಂಡ್ ಎದುರು 'ಜಾಸ್' ಎಂದಿತ್ತು. ಸ್ಪೀಲ್‌ಬರ್ಗ್‌ನ 1975ರ ಶಾರ್ಕ್ ಸಿನಿಮಾಕ್ಕೆ ಜಾನ್ ವಿಲಿಯಮ್ಸ್ ಮಾಡಿದ ಸಂಗೀತ. ಒಂದು ಮನೆ ದೂರದ ಎರಡೇ ಸ್ವರ, ಮೆಲ್ಲಗೆ ಶುರುವಾಗಿ ನೀರಿನಡಿಯಿಂದ ಏನೋ ಬರುತ್ತಿರುವಂತೆ ವೇಗ ಹೆಚ್ಚುತ್ತದೆ. ಆ ಸಿನಿಮಾ ಅವಳು ನೋಡಿಲ್ಲ. ಆದರೆ ಮಾಯಾಮಾಳವಗೌಳದ ಸರಳೆ ವರಸೆಯನ್ನು ಸಾವಿರ ಸಲ ಹಾಡಿದ್ದಾಳೆ. ಅದರ ಮೊದಲ ಹೆಜ್ಜೆ ಸ–ರಿ. ರಿಷಭ ಶುದ್ಧ ರಿಷಭ, ದೂರ ಒಂದು ಮನೆ. ಶಾರ್ಕಿನ ಹೆಜ್ಜೆಯೂ ಸರಳೆ ವರಸೆಯ ಹೆಜ್ಜೆಯೂ ಒಂದೇ ಅಳತೆಯದು ಎಂದಾಗ ಅವಳು ಐದು ನಿಮಿಷ ನಕ್ಕಳು. ಆಮೇಲೆ ಒಂದು ದಿನವೂ ಮೈನರ್ ಸೆಕೆಂಡನ್ನು ತಪ್ಪಲಿಲ್ಲ.

ಮೈನರ್ ಥರ್ಡ್‌ಗೆ 'ಗ್ರೀನ್‌ಸ್ಲೀವ್ಸ್' ಎಂದಿತ್ತು. ಅದರ ಬದಲು ಮೋಹನದ ವರವೀಣಾ ಗೀತೆ ಇಟ್ಟೆವು. ಅದು ಗ ಗ ಪ ಪ ಎಂದು ಶುರುವಾಗುತ್ತದೆ. ಅಂತರ ಗಾಂಧಾರ ಸ ಇಂದ ನಾಲ್ಕನೇ ಮನೆ, ಪಂಚಮ ಏಳನೆಯದು, ನಡುವೆ ಮೂರು. ಅದೇ ಗೀತೆ ಮುಂದೆ ದ ಪ ಸ ಎಂದು ಮೇಲಿನ ಷಡ್ಜಕ್ಕೆ ಏರುವಾಗ ಪ ಇಂದ ಸ ಗೆ ಐದು ಮನೆ, ಅಂದರೆ ಫೋರ್ತ್. ಮಲಹರಿಯ ಗಣಪತಿ ಗೀತೆ ಮ ಪ ದ ಸ ಎಂದು ಏರುತ್ತದೆ. ಮ–ಪ ಎರಡು ಮನೆ, ಪ–ದ ಒಂದು ಮನೆ, ದ–ಸ ನಾಲ್ಕು ಮನೆ. ಮೂರು ಬೇರೆ ಬೇರೆ ಸ್ವರಾಂತರ ಒಂದೇ ಉಸಿರಿನಲ್ಲಿ. ಪುರಂದರದಾಸರದೆಂದು ನಾವೆಲ್ಲ ಮೊದಲಿಗೆ ಕಲಿಯುವ ಈ ಗೀತೆ ಕಿವಿಯ ಪಾಠಕ್ಕೂ ಒದಗುತ್ತದೆಂದು ನನಗೂ ಆವತ್ತೇ ಹೊಳೆದದ್ದು.

ಗೀತೆಗಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಗೀತೆಯಲ್ಲಿ ಸಾಮಾನ್ಯವಾಗಿ ಅಕ್ಷರಕ್ಕೊಂದು ಸ್ವರ, ಎಳೆದಾಟ ಕಡಿಮೆ. ವರ್ಣ, ಕೃತಿಗಳಿಗೆ ಬಂದರೆ ಗಮಕ ಶುರು. ಸ್ವರ ನಿಂತ ಕಡೆ ನಿಲ್ಲುವುದಿಲ್ಲ, ಪಕ್ಕದ ಮನೆಯನ್ನು ಮುಟ್ಟಿ ಬರುತ್ತದೆ. ಬರೆದ ಸಾಹಿತ್ಯದಲ್ಲಿ ಗ ಎಂದಿದ್ದರೂ ಕಿವಿಗೆ ಬೀಳುವುದು ರಿ–ಗ–ಮಗಳ ಒಂದು ಅಲೆ. ಅಂಥ ಎತ್ತುಗಡೆಯನ್ನು ಅಳತೆಗೋಲು ಮಾಡಿಕೊಂಡರೆ ಮೂರು ಮನೆಯೋ ನಾಲ್ಕೋ ಎಂದು ಎಂದೂ ಇತ್ಯರ್ಥವಾಗುವುದಿಲ್ಲ. ಸಿನಿಮಾ ಹಾಡು, ಭಾವಗೀತೆಗಳಿಗೂ ಇದೇ ಮಾತು. ಗಾಯಕರು ಮೊದಲ ಸ್ವರಕ್ಕೆ ಕೆಳಗಿನಿಂದ ಜಾರಿ ಬರುವುದು ನಮ್ಮಲ್ಲಿ ಬಹಳ. ಹಾಡನ್ನು ಪಟ್ಟಿಗೆ ಸೇರಿಸುವ ಮುಂಚೆ ಆ ಎರಡು ಸ್ವರಗಳನ್ನು ಹಾರ್ಮೋನಿಯಂ ಮೇಲೆ ಒತ್ತಿ ಮನೆ ಎಣಿಸಿ ನೋಡಬೇಕು. ಎರಡು ಮನೆಗಳಲ್ಲಿ ಹಾಡು ಗುರುತು ಸಿಕ್ಕಿದರೆ ಇಟ್ಟುಕೊಳ್ಳಬೇಕು, ಸಿಗದಿದ್ದರೆ ಬಿಡಬೇಕು.

ಇಷ್ಟಾದರೂ ಫೋರ್ತ್ ಮಾತ್ರ ಹಟ ಹಿಡಿದಿತ್ತು. ವರವೀಣಾದ ಪ–ಸ ಗೊತ್ತು, ಹುಟ್ಟುಹಬ್ಬದ ಪ–ಸ ಗೊತ್ತು, ಕೇಳಿದರೆ ಉತ್ತರ ಮಾತ್ರ ಫಿಫ್ತ್. ಕೊನೆಗೆ "ಹೆಸರು ಬೇಡ, ಕೇಳಿದ್ದನ್ನು ಸ್ವರ ಹಾಕಿ ಹಾಡು" ಎಂದೆ. ಐದು ಮನೆ ದೂರದ ಎರಡು ಸ್ವರ ಒತ್ತಿದೆ. ಅವಳು ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಹಾಡಿದಳು: "ಪಾ… ಸಾ…"

ಗುಟ್ಟು ಅಲ್ಲಿತ್ತು. ಕಿವಿ ಕೇಳಿದ್ದು ಸರಿ, ಬಾಯಿ ಹಾಡಿದ್ದು ಸರಿ. ಪ ಎಂದೊಡನೆ ತಲೆ "ಪಂಚಮ, ಐದು, ಫಿಫ್ತ್" ಎಂದು ಲೆಕ್ಕ ಮುಗಿಸಿಬಿಡುತ್ತಿತ್ತು. ಆದರೆ ಪಂಚಮ ಐದನೆಯದಾಗುವುದು ಕೆಳಗಿನ ಸ ಇಂದ ಎಣಿಸಿದಾಗ. ಅದೇ ಪ ಇಂದ ಮೇಲಿನ ಸ ಗೆ ಎಣಿಸಿದರೆ ಪ, ದ, ನಿ, ಸ, ನಾಲ್ಕೇ ಅಕ್ಷರ.

ಈ ಅಭ್ಯಾಸ ಅವಳಿಗೆ ಬಂದದ್ದೆಲ್ಲಿಂದ? ತಂಬೂರಿಯಿಂದ. ತಂಬೂರಿಯ ನಾಲ್ಕು ತಂತಿಗಳನ್ನು ನೆನಪಿಸಿಕೊಳ್ಳಿ: ಮಂದ್ರದ ಪಂಚಮ, ಆಮೇಲೆ ಸಾರಣಿ, ಅನುಸಾರಣಿ ಎಂದು ಎರಡು ಮಧ್ಯ ಷಡ್ಜ, ಕೊನೆಗೆ ಮಂದ್ರ ಷಡ್ಜ. ಮೀಟುವ ಬೆರಳು ಪಂಚಮದಿಂದ ಸಾರಣಿಗೆ ಹೋದಾಗ ಕೇಳುವುದು ಏರುವ ಫೋರ್ತ್. ಸಾರಣಿ, ಅನುಸಾರಣಿ ಒಂದೇ ಸ್ವರ. ಅಲ್ಲಿಂದ ಮಂದ್ರ ಷಡ್ಜಕ್ಕೆ ಇಳಿಯುವ ಆಕ್ಟೇವ್. ಮಂದ್ರ ಷಡ್ಜದಿಂದ ಮತ್ತೆ ಮೊದಲ ತಂತಿಗೆ ಬಂದಾಗ ಏರುವ ಫಿಫ್ತ್. ಒಂದು ಸುತ್ತಿನಲ್ಲಿ ಮೂರು ಮುಖ್ಯ ಸ್ವರಾಂತರ ತಿರುಗುತ್ತಲೇ ಇರುತ್ತವೆ, ಹಾಡುವವರು ಗಂಟೆಗಟ್ಟಲೆ ಅದರೊಳಗೆ ಕೂತಿರುತ್ತಾರೆ. ಐದು ಮನೆಯ ಏರಿಕೆ ಕೇಳಿದೊಡನೆ ಮೇಲಿನ ಸ್ವರವೇ ಷಡ್ಜ ಎಂದು ಅಂಥ ಕಿವಿ ತೀರ್ಮಾನಿಸಿದರೆ ತಪ್ಪು ಹೇಳುವಂತಿಲ್ಲ. ನಾಲ್ಕು ವರ್ಷ ಅದಕ್ಕೆ ಕಲಿಸಿದ್ದೇ ಅದು: ಏನು ಕೇಳಿದರೂ ಮೊದಲು ಸ ಎಲ್ಲಿದೆ ಹುಡುಕು.

ಪಶ್ಚಿಮದ ಈ ಪರೀಕ್ಷೆ ಕೇಳುವುದು ಬೇರೆಯದನ್ನು. ಅಲ್ಲಿ ಷಡ್ಜ ಇಲ್ಲ, ಶ್ರುತಿ ಇಲ್ಲ. ಎರಡು ಸ್ವರ, ನಡುವಿನ ದೂರ, ಅಷ್ಟೆ. ಕೆಳಗಿನ ಸ್ವರವನ್ನು ಒಂದು ಎಂದು ಹಿಡಿದು ಎಣಿಸು ಎನ್ನುತ್ತದೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಪ್ರತಿ ಪ್ರಶ್ನೆಯಲ್ಲೂ ಒಂದು ಪುಟ್ಟ ಗ್ರಹಭೇದ. ಮೋಹನದ ರಿಷಭವನ್ನು ಷಡ್ಜವೆಂದು ಹಿಡಿದರೆ ಅದೇ ಐದು ಮನೆಗಳಲ್ಲಿ ಮಧ್ಯಮಾವತಿ ಎದ್ದು ಕೂರುತ್ತದಲ್ಲ, ಹಾಗೆ ಪ–ಸ ಎಂದು ಕೇಳಿದ್ದರಲ್ಲಿ ಪ ಯನ್ನೇ ಸ ಮಾಡಿದರೆ ಮೇಲಿನದು ಮಧ್ಯಮ. ಸ್ವರಗಳು ಇದ್ದಲ್ಲೇ ಇವೆ, ಹೆಸರು ಮಾತ್ರ ಜಾಗ ಬದಲಿಸಿತು.

ಅವಳಿಗೆ ಹೇಳಿದ ಮದ್ದು ಇಷ್ಟೆ. ಕೆಳಗಿನ ಸ್ವರವನ್ನು ಹಿಡಿದು ಬಾಯಿ ಮುಚ್ಚಿ "ಸಾ…" ಎಂದು ಗುನುಗು. ಅದು ಸ ಎಂದು ಮನಸ್ಸಿಗೆ ಒಪ್ಪಿಗೆ ಆಗುವ ತನಕ ಮುಂದೆ ಹೋಗಬೇಡ. ಆಮೇಲೆ ಮೇಲಿನದಕ್ಕೆ ಏರು. ಮೊದಲ ದಿನ ಅದಕ್ಕೆ ನಾಲ್ಕೈದು ಸೆಕೆಂಡು ಹಿಡಿಯಿತು, ಮುಖವೆಲ್ಲ ಹಿಂಡಿಕೊಂಡಳು. ಎರಡನೇ ವಾರದ ಹೊತ್ತಿಗೆ ಪ–ಸ ಎಂದು ಕೇಳಿದ್ದು ಅವಳ ಕಣ್ಣೆದುರೇ ಸ–ಮ ಆಗಿ ಮಗುಚಿಕೊಳ್ಳುತ್ತಿತ್ತು. ಇಳಿಯುವ ಸ್ವರಾಂತರಕ್ಕೂ ಇದೇ ಉಪಾಯ. ಎರಡನ್ನೂ ಕೇಳಿ, ಎರಡನೆಯದನ್ನು ಸ ಎಂದು ಹಿಡಿದು ಮೇಲೆ ಹತ್ತಬೇಕು. ಇಳಿಕೆಗೆ ಬೇರೆ ಹಾಡುಗಳನ್ನೇ ಇಟ್ಟುಕೊಳ್ಳುವವರೂ ಇದ್ದಾರೆ, ಅದೂ ಒಳ್ಳೆಯದೇ. ಏಕೆಂದರೆ ಏರುವ ಫೋರ್ತ್ ಗುರುತಿಸುವ ಕಿವಿಗೆ ಇಳಿಯುವ ಫೋರ್ತ್ ಮೊದಮೊದಲು ಪರಿಚಯವೇ ಇರುವುದಿಲ್ಲ.

ಇಳಿಕೆಗೆ ಇರುವ ಎಲ್ಲ ಉದಾಹರಣೆಗಳಲ್ಲಿ ನನಗೆ ಅಚ್ಚುಮೆಚ್ಚಿನದು ಬೀಥೋವನ್‌ನ ಐದನೇ ಸಿಂಫನಿ. 1808ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದ್ದು. ಅದರ ಶುರುವಿನ ನಾಲ್ಕು ಪೆಟ್ಟು ಕೇಳದವರು ಕಡಿಮೆ: ಮೂರು ಒಂದೇ ಸ್ವರ, ನಾಲ್ಕನೆಯದು ಕೆಳಗೆ. ಆ ಇಳಿಕೆ ನಾಲ್ಕು ಮನೆ, ಮೇಜರ್ ಥರ್ಡ್. ಒಂದು ನಿಲುಗಡೆಯಾದ ಮೇಲೆ ಅದೇ ಲಯದಲ್ಲಿ ಇನ್ನೊಂದು ನಾಲ್ಕು ಪೆಟ್ಟು. ಮೇಲ್ನೋಟಕ್ಕೆ ಅದನ್ನೇ ಒಂದು ಮೆಟ್ಟಿಲು ಕೆಳಗೆ ಮತ್ತೆ ಹೇಳಿದಂತೆ. ಎಣಿಸಿ ನೋಡಿದರೆ ಈ ಸಲದ ಇಳಿಕೆ ಮೂರೇ ಮನೆ, ಮೈನರ್ ಥರ್ಡ್. ಮೇಜರ್–ಮೈನರ್ ವ್ಯತ್ಯಾಸ ಕಿವಿಗೆ ಹತ್ತುತ್ತಿಲ್ಲ ಎನ್ನುವವರು ಈ ಎಂಟು ಪೆಟ್ಟುಗಳನ್ನು ಹತ್ತು ಸಲ ಗುನುಗಬೇಕು. ಲಯ ಒಂದೇ, ಆಕಾರ ಒಂದೇ ಆದ್ದರಿಂದ ಬದಲಾದ ಆ ಒಂದು ಮನೆ ಬೆತ್ತಲೆಯಾಗಿ ಕೇಳುತ್ತದೆ.

ತಂಬೂರಿಗೆ ಹೊಂದಿಕೊಂಡ ಕಿವಿಗೆ ಕೀಬೋರ್ಡಿನ ಮೇಜರ್ ಥರ್ಡ್ ಸ್ವಲ್ಪ ಏರಿದಂತೆ ಕೇಳಿಸಬಹುದು. ಅದು ಭ್ರಮೆಯಲ್ಲ. ಮಂದ್ರ ಷಡ್ಜದ ತಂತಿಯೊಳಗಿಂದ ತಾನಾಗಿ ಹೊಮ್ಮುವ ಸ್ವಯಂಭೂ ಗಾಂಧಾರಕ್ಕಿಂತ ಕೀಬೋರ್ಡಿನದು ಒಂದು ಮನೆಯ ಏಳನೇ ಒಂದು ಭಾಗದಷ್ಟು ಎತ್ತರದಲ್ಲಿದೆ. 12 ಮನೆಗಳನ್ನು ಸಮವಾಗಿ ಹಂಚಿದ್ದಕ್ಕೆ ತೆತ್ತ ಬೆಲೆ ಅದು. ಸ್ವರಾಂತರ ಗುರುತಿಸುವುದಕ್ಕೆ ಇದರಿಂದ ತೊಂದರೆಯಿಲ್ಲ, ಪಕ್ಕದ ಮನೆ ಇನ್ನೂ ಬಹಳ ದೂರ ಇರುತ್ತದೆ.

ನಿಜವಾದ ತೊಂದರೆ ಇನ್ನೊಂದು ಕಡೆ ಇದೆ. ಹಾಡಿನ ಪಟ್ಟಿ ಕೊಡುವವರು ಅದರ ಬಗ್ಗೆ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಒಂದು ಸಂಜೆ ತಂಬೂರಿ ಹಾಕಿ, ಅದರ ಶ್ರುತಿಯಲ್ಲೇ ಸ–ಗ ಒತ್ತಿದೆ. ಮೇಜರ್ ಥರ್ಡ್ ಎಂದು ಥಟ್ಟನೆ ಹೇಳಿದಳು. ಹಾಳೆಯ 'ವೆನ್ ದ ಸೇಂಟ್ಸ್' ಹಾಡಿನ ಎತ್ತುಗಡೆಯೂ ಸ–ಗ. ಆಮೇಲೆ ಪ–ನಿ ಒತ್ತಿದೆ, ಕಾಕಲಿ ನಿಷಾದ. ಅದೂ ಸರಿಯಾಗಿ ನಾಲ್ಕೇ ಮನೆ. ಅವಳು ತಡವರಿಸಿದಳು. ತಂಬೂರಿಯ ಮುಂದೆ ಗಾಂಧಾರ ಕಾಲು ಚಾಚಿ ಕೂರುವ ಸ್ವರ, ಕಾಕಲಿ ನಿಷಾದ ಮೇಲಿನ ಷಡ್ಜದ ಬಾಗಿಲು ತಟ್ಟುತ್ತಿರುವ ಸ್ವರ. ದೂರ ಒಂದೇ ಆದರೂ ಬಣ್ಣ ಬೇರೆ. ಬಣ್ಣ ಬೇರೆಯಾದಾಗ ಆ ಹಾಡು ನೆನಪಿಗೆ ಬರುವುದಿಲ್ಲ. ಮಲಹರಿಯ ದ–ಸ ಕೂಡ ನಾಲ್ಕು ಮನೆಯೇ, ಅದರ ಬಣ್ಣ ಮೂರನೆಯದು. ಆದ್ದರಿಂದ ಮೇಜರ್ ಥರ್ಡ್‌ಗೆ ಒಂದು ಹಾಡು ಸಾಲದು, ಸ–ಗ ಒಂದು, ಪ–ನಿ ಒಂದು, ದ–ಸ ಒಂದು ಎಂದು ಬೇರೆ ಬೇರೆ ನೆಲೆಯವು ಮೂರು ಬೇಕು. ಆಗಷ್ಟೇ ಮೂರರಲ್ಲೂ ಸಮಾನವಾದ ದೂರ ಯಾವುದು ಎಂದು ಕಿವಿ ಬೇರ್ಪಡಿಸಿಕೊಳ್ಳುತ್ತದೆ.

ಈ ಉಪಾಯದ ಹಿರಿಯಜ್ಜ ಇಟಲಿಯ ಅರೆಟ್ಸೊ ಊರಿನ ಗ್ವಿಡೊ ಎಂಬ ಸನ್ಯಾಸಿ. 11ನೇ ಶತಮಾನದವನು. ಮಠದ ಹುಡುಗರು ಒಂದೊಂದು ಸ್ತೋತ್ರವನ್ನೂ ಗುರುವಿನ ಬಾಯಿಂದ ಕೇಳಿಯೇ ಕಲಿಯಬೇಕಿತ್ತು. ಗ್ವಿಡೊ ಅವರಿಗೆ ಸಂತ ಯೋಹಾನನ ಒಂದು ಸ್ತುತಿಯನ್ನು ಬಾಯಿಪಾಠ ಮಾಡಿಸಿದ. ಅದರ ಆರು ತುಣುಕುಗಳು ಒಂದಕ್ಕಿಂತ ಒಂದು ಮೆಟ್ಟಿಲು ಮೇಲಿನ ಸ್ವರದಲ್ಲಿ ಶುರುವಾಗುತ್ತವೆ. ಹೊಸ ಹಾಡಿನಲ್ಲಿ ಒಂದು ಸ್ವರ ಎದುರಾದರೆ, ಆ ಸ್ವರದಲ್ಲಿ ಶುರುವಾಗುವ ತುಣುಕನ್ನು ನೆನಪಿಸಿಕೊ ಎಂದ. ತುಣುಕುಗಳ ಮೊದಲ ಅಕ್ಷರಗಳೇ ಉತ್, ರೆ, ಮಿ, ಫಾ, ಸೊಲ್, ಲಾ. ಮುಂದೆ ಉತ್ ಹೋಗಿ ಡೊ ಆಯಿತು. ಕೆಲವು ಹುಡುಗರು ಮೂರು ದಿನದೊಳಗೆ ಕೇಳದ ಹಾಡನ್ನು ಹಾಡಿದರೆಂದು ಅವನು ಮೈಕೆಲ್ ಎಂಬ ಗೆಳೆಯನಿಗೆ ಪತ್ರ ಬರೆದಿದ್ದಾನೆ.

ಗ್ವಿಡೊ ಹಾಡಿನ ಎತ್ತುಗಡೆಯನ್ನು ಗಂಟು ಹಾಕಿದ್ದು ಜಿಗಿತಕ್ಕಲ್ಲ, ಸ್ವರದ ನೆಲೆಗೆ. ಇದು ಮಿ, ಇದು ಸೊಲ್ ಎಂದು ಜಾಗವನ್ನು ಗುರುತಿಸುವುದಕ್ಕೆ. ನಮ್ಮ ಸರಿಗಮ ಮಾಡುವುದೂ ಅದನ್ನೇ. ಎರಡು ಸ್ವರ ಬಿಡಿಬಿಡಿಯಾಗಿ ಕೇಳಿದಾಗ ಜಿಗಿತದ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಒಂದು ಇಡೀ ಮಟ್ಟನ್ನು ಕೇಳಿ ಸ್ವರ ಹಾಕಬೇಕಾದಾಗ ಅದು ಕೈ ಕೊಡುತ್ತದೆ. ಒಂದೊಂದು ಜಿಗಿತಕ್ಕೂ ಒಂದೊಂದು ಹಾಡು ಹುಡುಕುತ್ತ ಕೂತರೆ ಎರಡನೆಯದು ಸಿಗುವಷ್ಟರಲ್ಲಿ ಮಟ್ಟು ಮೂರನೇ ಸಾಲಿಗೆ ಹೋಗಿರುತ್ತದೆ, ಒಂದು ಜಿಗಿತ ತಪ್ಪಿದರೆ ಆಮೇಲಿನದೆಲ್ಲ ತಪ್ಪು. ಅಲ್ಲಿ ಸ ಹಿಡಿದು ಕೂತು, ಬಂದ ಸ್ವರ ಯಾವುದೆಂದು ಕೇಳುವುದೇ ದಾರಿ. ಪಾಶ್ಚಾತ್ಯ ಪರೀಕ್ಷೆಗೆಂದು ಆ ಅಭ್ಯಾಸವನ್ನು ಮಗು ಕಳೆದುಕೊಳ್ಳುವುದಾದರೆ ಪರೀಕ್ಷೆಯೇ ಬೇಡ ಎನ್ನುವವಳು ನಾನು. ಎರಡೂ ಇರಲಿ, ಯಾವುದನ್ನು ಯಾವಾಗ ತೆಗೆಯಬೇಕೆಂದು ಗೊತ್ತಿರಲಿ.

ಮನೆಯಲ್ಲಿ ಮಾಡಿದ ಅಭ್ಯಾಸ ದಿನಕ್ಕೆ ಹತ್ತೇ ನಿಮಿಷ. ಮೊದಲ ವಾರ ಮೂರೇ ಸ್ವರಾಂತರ: ಸೆಕೆಂಡ್, ಫಿಫ್ತ್, ಆಕ್ಟೇವ್. ಅವು ಒಂದಕ್ಕೊಂದು ದೂರ ಇರುವುದರಿಂದ ಗಲಿಬಿಲಿಯಾಗುವುದಿಲ್ಲ. ಫೋರ್ತ್ ಮತ್ತು ಫಿಫ್ತ್ ಒಟ್ಟಿಗೆ ತಂದದ್ದು ಎರಡನೇ ವಾರ, ಎರಡು ಥರ್ಡ್‌ಗಳು ಮೂರನೇ ವಾರ. ಪ್ರತಿ ಸಲ ಬೇರೆ ಬೇರೆ ಮನೆಯಿಂದ ಶುರು, ಇಲ್ಲದಿದ್ದರೆ ಮಗು ದೂರವನ್ನು ಬಿಟ್ಟು ಎತ್ತರವನ್ನು ನೆನಪಿಟ್ಟುಕೊಳ್ಳುತ್ತದೆ. ಉತ್ತರ ಹೇಳುವ ಮುಂಚೆ ಎರಡೂ ಸ್ವರವನ್ನು ಹಾಡಲೇಬೇಕು. ಹಾಡಿದ್ದು ಸರಿ, ಹೆಸರು ತಪ್ಪು ಎಂದಾದರೆ ಲೆಕ್ಕದಲ್ಲಿ ದೋಷ. ಹಾಡಿದ್ದೇ ತಪ್ಪಾದರೆ ಇನ್ನೂ ಕೇಳಿಸಿಲ್ಲ ಎಂದರ್ಥ, ಮತ್ತೆ ನುಡಿಸಬೇಕು. ನಾಲ್ಕನೇ ವಾರದ ಹೊತ್ತಿಗೆ ಅವಳು ಫಿಫ್ತ್‌ಗೆ ಟ್ವಿಂಕಲ್ ನೆನಪಿಸಿಕೊಳ್ಳುವುದನ್ನೇ ಬಿಟ್ಟಿದ್ದಳು. ಕೇಳಿದರೆ "ಅದು ಫಿಫ್ತ್ ಥರಾನೇ ಇದೆಯಲ್ಲ ಚಿಕ್ಕಮ್ಮ" ಎನ್ನುತ್ತಿದ್ದಳು. ಹಾಡು ಅಷ್ಟರಲ್ಲಿ ತನ್ನ ಕೆಲಸ ಮುಗಿಸಿ ಹೊರಟಿತ್ತು.

ಮೇಜಿನ ಗಾಜಿನಡಿ ಈಗ ಬೇರೆ ಹಾಳೆ ಇದೆ, ಅವಳ ಕೈಬರಹದ್ದು. ಸರಳೆ ವರಸೆ, ವರವೀಣಾ, ಮಲಹರಿ ಗೀತೆ, ತಂಬೂರಿ, ಹುಟ್ಟುಹಬ್ಬ, ಬೀಥೋವನ್, ಎಲ್ಲ ಒಂದರ ಕೆಳಗೊಂದು. ಮೇಜರ್ ಸಿಕ್ಸ್ತ್‌ಗೆ 'ಮೈ ಬಾನಿ'ಯನ್ನೇ ಕಲಿತು ಉಳಿಸಿಕೊಂಡಳು. ಒಂದು ಮನೆ ಮಾತ್ರ ಖಾಲಿ: ಮೇಜರ್ ಸೆವೆಂತ್, 11 ಮನೆಯ ಏರಿಕೆ, ಸ ಇಂದ ನೇರ ಕಾಕಲಿ ನಿಷಾದಕ್ಕೆ. ಅಷ್ಟು ದೂರ ಒಮ್ಮೆಗೇ ಹಾರುವ ಕನ್ನಡ ಹಾಡು ನಮಗಿಬ್ಬರಿಗೂ ಸಿಕ್ಕಿಲ್ಲ. ನಿಮಗೆ ಗೊತ್ತಿದ್ದರೆ ಬರೆಯಿರಿ. ಯಾವ ಅಕ್ಷರದಿಂದ ಯಾವ ಅಕ್ಷರಕ್ಕೆ ಎಂದು ತಿಳಿಸಿ, ದಯವಿಟ್ಟು ಹಾರ್ಮೋನಿಯಂ ಮೇಲೆ ಒಮ್ಮೆ ಮನೆ ಎಣಿಸಿ ನೋಡಿದ ಮೇಲೆ.